ಮೇಂಟೆನೆನ್ಸ್ 2,000 ಇದ್ದದ್ದು 2,600 ಆಯ್ತು, ಮೇಲೆ ಬಡ್ಡಿ ಬೇರೆ: ಸೊಸೈಟಿಗೆ ಪತ್ರ ಬರೆಯೋ ಮುಂಚೆ ಈ ಲೆಕ್ಕ ನೋಡಿ

2025ರಲ್ಲಿ ಬಾಂಬೆ ಹೈಕೋರ್ಟ್ ಪುಣೆಯ ಒಂದು ಅಪಾರ್ಟ್‌ಮೆಂಟ್ ಕೇಸಲ್ಲಿ, ದೊಡ್ಡ ಫ್ಲಾಟ್‌ನೋರು ಜಾಸ್ತಿ ಮೇಂಟೆನೆನ್ಸ್ ಕಟ್ಬೇಕು, ಎಲ್ರಿಗೂ ಒಂದೇ ರೇಟು ಅನ್ನೋಕಾಗಲ್ಲ ಅಂತ ಹೇಳ್ತು. ಆವಾಗಿಂದ ಆ ಸುದ್ದಿ ಬಿಟ್ಟುಬಿಟ್ಟು ಫಾರ್ವರ್ಡ್ ಆಗ್ತಾನೇ ಇದೆ. ಬೆಂಗಳೂರಿಗೆ ಹೋಗಿಬರೋರು ಜಾಸ್ತಿಯಾದ್ಮೇಲೆ ತುಮಕೂರಲ್ಲೂ ಅಪಾರ್ಟ್‌ಮೆಂಟ್‌ಗಳು ಎದ್ದಿವೆ, ಬಟವಾಡಿ ಕಡೆ, ಎಸ್‌ಐಟಿ ಬಡಾವಣೆ ಕಡೆ, ಕ್ಯಾತ್ಸಂದ್ರದ ಕಡೆ. ಅಲ್ಲಿನ ಓನರ್‌ಗಳಿಗೂ ಈಗ ಅದೇ ಗೊಂದಲ. ಆ ತೀರ್ಪು ನಮಗೆ ಅಪ್ಲೈ ಆಗುತ್ತಾ, ಕಮಿಟಿ ತನಗೆ ಬೇಕಾದಷ್ಟು ಏರಿಸಬಹುದಾ, ಬಾಕಿ ಮೇಲೆ ತಿಂಗಳಿಗೆ ಎರಡು ಪರ್ಸೆಂಟ್ ಬಡ್ಡಿ ಹಾಕಿದ್ರೆ ಅದು ನ್ಯಾಯಾನಾ.

ಮೂರೂ ಪ್ರಶ್ನೆ ಒಂದೇ ನೋಟಿಸಲ್ಲಿ ಬರೋದ್ರಿಂದ ಜನ ಮೂರನ್ನೂ ಕಲಸಿ ಒಂದು ಕೋಪದ ಪತ್ರ ಬರೀತಾರೆ, ಕಮಿಟಿ ಅದಕ್ಕೆ "ಜನರಲ್ ಬಾಡಿ ತೀರ್ಮಾನ" ಅಂತ ಒಂದು ಸಾಲಿನ ಉತ್ತರ ಕೊಟ್ಟು ಮುಗಿಸುತ್ತೆ. ಬಿಡಿಸಿ ನೋಡಿದ್ರೆ ದುಡ್ಡು ಎಲ್ಲಿ ಹೋಗ್ತಿದೆ ಅನ್ನೋದೇ ಬೇರೆ ಥರ ಕಾಣುತ್ತೆ.

## ಮೊದಲು, ನಿಮ್ಮದು ಯಾವ ಕಾಯ್ದೆ

ಕರ್ನಾಟಕದಲ್ಲಿ ಅಪಾರ್ಟ್‌ಮೆಂಟ್ ಸಂಘ ಅಂದ್ರೆ ಒಂದೇ ಥರ ಇಲ್ಲ. ಕೆಲವು 1972ರ ಕರ್ನಾಟಕ ಅಪಾರ್ಟ್‌ಮೆಂಟ್ ಮಾಲೀಕತ್ವ ಕಾಯ್ದೆ ಅಡಿ ಇವೆ, ಕೆಲವು 1959ರ ಸಹಕಾರ ಸಂಘಗಳ ಕಾಯ್ದೆ ಅಡಿ, ಇನ್ನು ಸುಮಾರು ಕಡೆ 1960ರ ಸಂಘಗಳ ನೋಂದಣಿ ಕಾಯ್ದೆ ಅಡಿ ರಿಜಿಸ್ಟರ್ ಮಾಡಿಸಿ ಬಿಟ್ಟಿರ್ತಾರೆ. ಈ ಮೂರನೇದು ಅಪಾರ್ಟ್‌ಮೆಂಟ್‌ಗೆ ಸರಿಯಾದ ದಾರೀನಾ ಅಂತ ಹೈಕೋರ್ಟ್‌ವರೆಗೂ ಪ್ರಶ್ನೆ ಹೋಗಿದೆ, ಅದು ದೊಡ್ಡ ಕಥೆ, ಇಲ್ಲಿ ಬೇಡ.

ಕಂಡುಹಿಡಿಯೋದು ಕಷ್ಟ ಇಲ್ಲ. ಮೇಂಟೆನೆನ್ಸ್ ರಸೀದಿ ತಲೆಬರಹದಲ್ಲಿ ನೋಂದಣಿ ನಂಬರ್ ಇರುತ್ತೆ. ನಿಮ್ಮ ಕ್ರಯಪತ್ರದಲ್ಲಿ ಡೀಡ್ ಆಫ್ ಡಿಕ್ಲರೇಷನ್ ಅನ್ನೋದರ ಪ್ರಸ್ತಾಪ ಇದ್ದು, ನಿಮ್ಮ ಫ್ಲಾಟ್‌ಗೆ ಕಾಮನ್ ಜಾಗದಲ್ಲಿ ಇಂತಿಷ್ಟು ಪರ್ಸೆಂಟ್ ಅವಿಭಾಜ್ಯ ಹಕ್ಕು ಅಂತ ಬರೆದಿದ್ರೆ ಸಾಮಾನ್ಯವಾಗಿ ನೀವು 1972ರ ಕಾಯ್ದೆಯೊಳಗೆ ಇದ್ದೀರ ಅಂತ ಅರ್ಥ. ಬರೀ ಸೈಟುಗಳ ಲೇಔಟ್‌ನೋರಿಗೆ ಈ ಕಾಯ್ದೆ ಸಂಬಂಧ ಇಲ್ಲ.

ಇದು ಯಾಕೆ ಮುಖ್ಯ ಅಂದ್ರೆ, 1972ರ ಕಾಯ್ದೆಯ 10ನೇ ಸೆಕ್ಷನ್ ಕಾಮನ್ ಖರ್ಚನ್ನ ಅವಿಭಾಜ್ಯ ಹಕ್ಕಿನ ಪರ್ಸೆಂಟ್ ಪ್ರಕಾರ ಹಂಚಬೇಕು ಅನ್ನುತ್ತೆ. ಮಹಾರಾಷ್ಟ್ರದ ಕಾಯ್ದೆಯಲ್ಲೂ ಹೆಚ್ಚುಕಮ್ಮಿ ಇದೇ ಮಾತಿದೆ, ಬಾಂಬೆ ಹೈಕೋರ್ಟ್ ನೋಡಿದ್ದು ಅದನ್ನೇ. ಅಲ್ಲಿನ ತೀರ್ಪು ಇಲ್ಲಿನ ಕೋರ್ಟ್‌ಗಳನ್ನ ಕಟ್ಟಿಹಾಕಲ್ಲ, ಆದ್ರೆ ಕಾಯ್ದೆ ಭಾಷೆ ಒಂದೇ ಥರ ಇರೋದ್ರಿಂದ ವಾದಕ್ಕೆ ಬಲ ಕೊಡುತ್ತೆ. ಸಹಕಾರ ಸಂಘ ಆಗಿದ್ರೆ ಈ ಸೆಕ್ಷನ್ ನೇರವಾಗಿ ಬರಲ್ಲ, ಅಲ್ಲಿ ಬೈಲಾ ಏನು ಹೇಳುತ್ತೋ ಅದೇ.

ಒಂದು ಎಚ್ಚರಿಕೆ. ನಿಮ್ಮದು ಮೂರು ಬೆಡ್‌ರೂಮ್ ಫ್ಲಾಟ್ ಆಗಿದ್ದು ಈಗ ಎಲ್ರಿಗೂ ಒಂದೇ ರೇಟ್ ಇದ್ರೆ, ಪತ್ರದಲ್ಲಿ ಸೆಕ್ಷನ್ 10 ಅಂತ ಬರೆದು ನೀವೇ ನಿಮ್ಮ ಬಿಲ್ ಜಾಸ್ತಿ ಮಾಡಿಸಿಕೊಳ್ತೀರ. ಫಾರ್ವರ್ಡ್ ಓದಿದ ಜೋಶಲ್ಲಿ ಇದನ್ನ ಸುಮಾರು ಜನ ಯೋಚನೆ ಮಾಡಲ್ಲ.

## ಕಮಿಟಿಯೋರ ಕಷ್ಟ ಸುಳ್ಳೇನಲ್ಲ

ಸೆಕ್ಯೂರಿಟಿ ಏಜೆನ್ಸಿ ರೇಟು ಪ್ರತಿ ಏಪ್ರಿಲ್‌ಗೆ ಏರುತ್ತೆ, ಯಾಕಂದ್ರೆ ಕನಿಷ್ಠ ವೇತನದ ಜೊತೆ ಸೇರೋ ತುಟ್ಟಿಭತ್ಯೆ ಆಗಲೇ ಪರಿಷ್ಕರಣೆ ಆಗೋದು. ಲಿಫ್ಟ್ ಕಂಪನಿಯೋರು ವರ್ಷದ ಕಾಂಟ್ರಾಕ್ಟ್ ನವೀಕರಿಸುವಾಗ ಒಂದಿಷ್ಟು ಸೇರಿಸ್ತಾರೆ. ಹೇಮಾವತಿ ನೀರು ಬುಗುಡನಹಳ್ಳಿ ಕೆರೆಯಿಂದ ಊರಿಗೆ ಬರುತ್ತೆ ನಿಜ, ಆದ್ರೆ ಬೇಸಿಗೇಲಿ ಪಾಲಿಕೆ ನೀರು ಎಷ್ಟು ದಿನಕ್ಕೊಮ್ಮೆ ಅನ್ನೋದು ಗೊತ್ತಿರೋದೇ, ಬೋರ್‌ವೆಲ್ ಕೈಕೊಟ್ರೆ ಟ್ಯಾಂಕರ್ ಬಿಟ್ಟು ಗತಿ ಇಲ್ಲ. ಕೋಲಾರ, ಚಿಕ್ಕಬಳ್ಳಾಪುರದ ಕಡೆ ಅಂತೂ ಟ್ಯಾಂಕರ್ ಬಿಲ್ಲೇ ಅರ್ಧ ಬಜೆಟ್ ತಿಂದುಬಿಡೋ ಬಿಲ್ಡಿಂಗ್‌ಗಳಿವೆ.

ಬಡ್ಡಿ ವಿಷಯದಲ್ಲೂ ಕಮಿಟಿ ವಾದ ಸರಳ. ಹತ್ತು ಜನ ಕಟ್ಟದೇ ಕೂತ್ರೆ ಲಿಫ್ಟ್ ನಿಲ್ಲೋದು ಎಲ್ರಿಗೂ. ಹೊಡೆದು ಕೇಳೋಕಾಗಲ್ಲ, ಕರೆಂಟ್ ಕಟ್ ಮಾಡೋಕೂ ಆಗಲ್ಲ, ಯಾಕಂದ್ರೆ ಫ್ಲಾಟ್‌ನ ಮೀಟರ್ ಬೆಸ್ಕಾಂ ಮತ್ತು ಗ್ರಾಹಕರ ನಡುವಿನ ವ್ಯವಹಾರ. ಉಳಿದಿರೋ ದಾರಿ ಅಂದ್ರೆ ಬಡ್ಡಿ. ಅದೂ ಇಲ್ಲಾಂದ್ರೆ ಯಾರು ಕಟ್ತಾರೆ ಅಂತ.

ಈ ವಾದ ತೂಕದ್ದೇ. ಆದ್ರೆ ಖರ್ಚು ಏರಿದೆ ಅನ್ನೋದು ಬೇರೆ, ಆ ಖರ್ಚನ್ನ ಯಾವ ತಾರೀಖಿನಿಂದ, ಯಾರ ಒಪ್ಪಿಗೆ ತಗೊಂಡು, ಯಾವ ಲೆಕ್ಕದಲ್ಲಿ ವಸೂಲಿ ಮಾಡ್ತಾರೆ ಅನ್ನೋದು ಬೇರೆ. ತಪ್ಪಾಗೋದು ಎರಡನೇ ಕಡೆ.

## ಆರುನೂರು ಎಲ್ಲಿಂದ ಬಂತು

ಒಂದು ಉದಾಹರಣೆ ಇಟ್ಕೊಳೋಣ. ತುಮಕೂರಲ್ಲಿ 48 ಫ್ಲಾಟ್‌ನ ಒಂದು ಬಿಲ್ಡಿಂಗ್. ತಿಂಗಳಿಗೆ 2,000 ಇತ್ತು, ಸೆಪ್ಟೆಂಬರ್‌ನಲ್ಲಿ ನೋಟಿಸ್ ಬಂತು, 2,600 ಮಾಡಿದ್ದೀವಿ, ಅದೂ ಏಪ್ರಿಲ್ ಒಂದರಿಂದ ಜಾರಿ ಅಂತ.

48 ಫ್ಲಾಟ್ ಇಂಟು 600 ಅಂದ್ರೆ ತಿಂಗಳಿಗೆ 28,800 ಹೆಚ್ಚುವರಿ. ಪತ್ರದ ಮೊದಲ ಪ್ರಶ್ನೆ ಇದೇ ಆಗ್ಬೇಕು: ಈ 28,800 ಯಾವ ಯಾವ ಬಾಬ್ತಿಗೆ. "ಯಾಕೆ ಏರಿಸಿದ್ರಿ" ಅಂತ ಕೇಳಿದ್ರೆ "ಎಲ್ಲಾ ರೇಟೂ ಏರಿದೆ ಸಾರ್" ಅನ್ನೋ ಉತ್ತರ ಬರುತ್ತೆ, ಅಂಕಿ ಇಟ್ಟು ಕೇಳಿದ್ರೆ ಅಂಕೀಲೇ ಉತ್ತರ ಕೊಡ್ಬೇಕಾಗುತ್ತೆ.

ಉತ್ತರ ಬಂದಾಗ ಎರಡು ವಿಷಯ ಗಮನಿಸಿ. ಒಂದು, ಟ್ಯಾಂಕರ್ ಖರ್ಚು. ಫೆಬ್ರವರಿಯಿಂದ ಮೇವರೆಗೆ ತರಿಸಿದ ಟ್ಯಾಂಕರ್‌ನ ಖರ್ಚನ್ನ ಹನ್ನೆರಡು ತಿಂಗಳ ಖಾಯಂ ಏರಿಕೆ ಮಾಡಿಬಿಟ್ಟಿರ್ತಾರೆ, ಮಳೆಗಾಲದಲ್ಲಿ ಟ್ಯಾಂಕರ್ ನಿಂತ್ರೂ ರೇಟ್ ಕೆಳಗಿಳಿಯಲ್ಲ. ಅಂಥ ಸೀಸನ್ ಖರ್ಚನ್ನ ಆಯಾ ತಿಂಗಳ ಬಿಲ್ಲಲ್ಲಿ ಪ್ರತ್ಯೇಕವಾಗಿ ಹಾಕೋದು ಹೆಚ್ಚು ಸರಿ. ಪೇಂಟಿಂಗ್ ಥರದ್ದು ಇನ್ನೂ ಬೇರೆ, ಅದು ಐದಾರು ವರ್ಷಕ್ಕೊಮ್ಮೆ ಬರೋ ಖರ್ಚು, ಅದಕ್ಕೆ ಸಿಂಕಿಂಗ್ ಫಂಡ್ ಅಂತ ಬೇರೆ ಖಾತೆ ಇರ್ಬೇಕು.

ಎರಡನೇದು ಸ್ವಲ್ಪ ಸೂಕ್ಷ್ಮ. ಎಂಟು ಫ್ಲಾಟ್‌ನೋರು ಕಟ್ತಾ ಇಲ್ಲ ಅಂತಿಟ್ಕೊಳಿ, ತಿಂಗಳಿಗೆ 16,000 ಕೊರತೆ. ಆ ಕೊರತೆ ತುಂಬೋಕೆ ರೇಟ್ ಏರಿಸಿದ್ರೆ ಅದು ಖರ್ಚಿನ ಏರಿಕೆ ಅಲ್ವೇ ಅಲ್ಲ, ಕಟ್ಟೋರ ಹತ್ರ ಕಟ್ಟದೇ ಇರೋರದ್ದನ್ನೂ ವಸೂಲಿ ಮಾಡಿದ ಹಾಗೆ, ಆಮೇಲೆ ಅವರಿಂದ ಬಾಕಿ ಬಂದಾಗ ಆ ದುಡ್ಡು ಎಲ್ಲಿಗೆ ಹೋಗುತ್ತೆ ಅಂತ ಯಾರೂ ಹೇಳಲ್ಲ. ಬಜೆಟ್ ಪ್ರತಿ ಜೊತೆ ಬಾಕಿದಾರರ ಒಟ್ಟು ಮೊತ್ತವನ್ನೂ ಕೇಳಿ, ಹೆಸರು ಬೇಕಿಲ್ಲ, ಮೊತ್ತ ಸಾಕು.

ಇನ್ನು ಕೆಲವರು ಏರಿಕೆಗೆ ಜಿಎಸ್‌ಟಿ ನೆಪ ಹೇಳ್ತಾರೆ. ಒಂದು ಫ್ಲಾಟ್‌ಗೆ ತಿಂಗಳಿಗೆ 7,500 ದಾಟದಿದ್ರೆ ಮೇಂಟೆನೆನ್ಸ್ ಮೇಲೆ ಜಿಎಸ್‌ಟಿ ಇಲ್ಲ. 2,600ಕ್ಕೆ ಆ ಮಾತೇ ಬರಲ್ಲ.

## ದುಡ್ಡು ನಿಜವಾಗಿ ಏರಿದ್ದೆಲ್ಲಿ

ಈಗ ಅದೇ ಬಿಲ್ಡಿಂಗ್‌ನ ಒಬ್ಬ ಓನರ್ ಲೆಕ್ಕ ತಗೊಳೋಣ. ಜನವರಿ, ಫೆಬ್ರವರಿ, ಮಾರ್ಚ್ ಮೂರು ತಿಂಗಳು ಮನೆ ಖಾಲಿ ಇತ್ತು ಅಂತ ಅವರು ಕಟ್ಟಿಲ್ಲ. ಖಾಲಿ ಇದ್ರೂ ಕಟ್ಬೇಕು, ನಾನು ಲಿಫ್ಟ್ ಬಳಸಿಲ್ಲ ಅಂತ ಕಾಮನ್ ಖರ್ಚಿನಿಂದ ತಪ್ಪಿಸಿಕೊಳ್ಳೋಕೆ 1972ರ ಕಾಯ್ದೆ ಬಿಡಲ್ಲ. ಹಾಗಾಗಿ 6,000 ನಿಜವಾದ ಬಾಕಿ, ಅದರಲ್ಲಿ ಜಗಳ ಇಲ್ಲ. ಏಪ್ರಿಲ್‌ನಿಂದ ಸೆಪ್ಟೆಂಬರ್‌ವರೆಗೆ ತಿಂಗಳು ತಿಂಗಳು 2,000 ಕಟ್ಟಿದ್ದಾರೆ. ಸೆಪ್ಟೆಂಬರ್ ಕೊನೇಲಿ ಬಂದ ಬಿಲ್ಲಲ್ಲಿ ಬಾಕಿ 10,678 ಅಂತಿದೆ, ತಿಂಗಳಿಗೆ ಎರಡು ಪರ್ಸೆಂಟ್ ಬಡ್ಡಿ.

ಈ ಬಿಲ್ ನೋಡಿದ ಕೂಡ್ಲೇ ಎಲ್ರೂ ಹೇಳೋದು "ಚಕ್ರಬಡ್ಡಿ ಹಾಕಿದ್ದಾರೆ" ಅಂತ. ಹಾಕಿದ್ದಾರೆ, ನಿಜ. ಆದ್ರೆ ಬಿಡಿಸಿ ನೋಡಿ.

ಜನವರಿ ಬಾಕಿ ಸೆಪ್ಟೆಂಬರ್ ಕೊನೆಗೆ ಎಂಟು ತಿಂಗಳು ತಡ, ಫೆಬ್ರವರಿದು ಏಳು, ಮಾರ್ಚ್‌ದು ಆರು. ಒಟ್ಟು 21. ಎರಡು ಸಾವಿರಕ್ಕೆ ತಿಂಗಳಿಗೆ 40 ರೂಪಾಯಿಯಂತೆ 840. ಅಂದ್ರೆ ಸರಳ ಬಡ್ಡಿ ಹಾಕಿ, ಹೊಸ ರೇಟನ್ನ ಅಕ್ಟೋಬರ್‌ನಿಂದ ಜಾರಿ ಮಾಡಿದ್ರೆ ಬಾಕಿ 6,840 ಆಗ್ಬೇಕಿತ್ತು. ಬಿಲ್ಲಲ್ಲಿ ಇರೋದು 3,838 ಜಾಸ್ತಿ. ಅದರಲ್ಲಿ 3,600 ಬಂದಿರೋದು ಏಪ್ರಿಲ್‌ವರೆಗೆ ಹಿಂದಕ್ಕೆ ಹೋಗಿ ಆರು ತಿಂಗಳ ವ್ಯತ್ಯಾಸ ಹಾಕಿದ್ದರಿಂದ. ಇನ್ನು 180 ಆ ವ್ಯತ್ಯಾಸದ ಮೇಲಿನ ಬಡ್ಡಿ. ಚಕ್ರಬಡ್ಡಿಯಿಂದ ಬಂದಿದ್ದು ಬರೀ 58 ರೂಪಾಯಿ.

ಅಂದ್ರೆ ಮೊದಲ ವರ್ಷದಲ್ಲಿ ಚಕ್ರಬಡ್ಡಿ ಬಗ್ಗೆ ಎರಡು ಪುಟ ಬರೆದವರು 58 ರೂಪಾಯಿಗೆ ಜಗಳ ಆಡಿ 3,780 ಬಿಟ್ಟುಕೊಟ್ಟ ಹಾಗಾಯ್ತು. ಪತ್ರದ ಭಾರ ಬೀಳಬೇಕಾಗಿರೋದು ತಾರೀಖಿನ ಮೇಲೆ.

ಅದರಲ್ಲೂ ಆ 180 ರೂಪಾಯಿ ಮೊತ್ತದಲ್ಲಿ ಚಿಕ್ಕದು, ಆದ್ರೆ ಅದೇ ಅತಿ ದುರ್ಬಲ ಭಾಗ. ಏಪ್ರಿಲ್‌ನಲ್ಲಿ 2,600 ಕಟ್ಟಿ ಅಂತ ಯಾರೂ ಕೇಳಿರಲಿಲ್ಲ. ಕೇಳದೇ ಇರೋ ದುಡ್ಡನ್ನ ಕಟ್ಟಲಿಲ್ಲ ಅಂತ ತಡದ ಬಡ್ಡಿ ಹೇಗೆ ಹಾಕ್ತಾರೆ? ಬಾಕಿ ಅನ್ನೋದು ಹುಟ್ಟೋದೇ ಬಿಲ್ ಕೊಟ್ಟು, ಕಟ್ಟೋಕೆ ಕೊಟ್ಟ ಗಡುವು ದಾಟಿದ್ಮೇಲೆ. ಜನರಲ್ ಬಾಡಿ ಹಿಂದಿನ ತಾರೀಖಿನಿಂದ ಏರಿಕೆ ಒಪ್ಪಿದೆ ಅಂತಾನೇ ಇಟ್ಕೊಂಡ್ರೂ, ವ್ಯತ್ಯಾಸದ 3,600 ಬಗ್ಗೆ ವಾದ ಮಾಡಬಹುದು, ಅದರ ಮೇಲಿನ ಬಡ್ಡಿಗೆ ಸಮರ್ಥನೆ ಸಿಗೋದು ಬಹಳ ಕಷ್ಟ. ಹೆಚ್ಚಿನ ಕಮಿಟಿಗಳು ಇದನ್ನ ಬೇಕಂತ ಮಾಡಿರಲ್ಲ, ಬಿಲ್ಲಿಂಗ್ ಸಾಫ್ಟ್‌ವೇರ್‌ನಲ್ಲಿ ಏಪ್ರಿಲ್‌ನಿಂದ ರೇಟ್ ಬದಲಿಸಿದ ಕೂಡ್ಲೇ ಅದೇ ತಾನಾಗಿ ಬಡ್ಡಿ ಎಳೆದುಬಿಡುತ್ತೆ, ಅಕೌಂಟ್ಸ್ ನೋಡೋರು ಅದನ್ನೇ ಪ್ರಿಂಟ್ ತೆಗೆದು ಕೊಡ್ತಾರೆ. ಅದಕ್ಕೇ ಬಿಲ್ ಸಾಲದು, ತಿಂಗಳುವಾರು ಲೆಡ್ಜರ್ ಕೇಳ್ಬೇಕು.

ಹಾಗಂತ ಚಕ್ರಬಡ್ಡಿ ಯಾವಾಗ್ಲೂ ಚಿಲ್ಲರೆ ಅಲ್ಲ. ತಿಂಗಳಿಗೆ ಎರಡು ಪರ್ಸೆಂಟ್ ಚಕ್ರಬಡ್ಡಿ ಒಂದು ವರ್ಷಕ್ಕೆ ಸುಮಾರು 26.8 ಪರ್ಸೆಂಟ್ ಆಗುತ್ತೆ, ಮೂರು ವರ್ಷಕ್ಕೆ ಬಾಕಿ ಎರಡು ಪಟ್ಟು ದಾಟುತ್ತೆ, ಸರಳ ಬಡ್ಡಿಯಾದ್ರೆ ಮೂರು ವರ್ಷಕ್ಕೆ 72 ಪರ್ಸೆಂಟ್‌ಗೇ ನಿಲ್ಲುತ್ತೆ. ಫ್ಲಾಟ್ ಇಲ್ಲಿ ಬಿಟ್ಟು ಹೊರದೇಶದಲ್ಲಿ ಇರೋರಿಗೆ ಇದು ದೊಡ್ಡ ಮೊತ್ತ.

## ಎರಡು ಪರ್ಸೆಂಟ್ ಯಾರು ಹೇಳಿದ್ದು

ಬಡ್ಡಿ ದರ ಬೈಲಾದಲ್ಲಿ ಬರೆದಿರ್ಬೇಕು, ಇಲ್ಲಾ ಬೈಲಾ ಕೊಟ್ಟ ಅಧಿಕಾರ ಬಳಸಿ ಜನರಲ್ ಬಾಡಿ ನಿರ್ಣಯ ಮಾಡಿರ್ಬೇಕು. ಕಮಿಟಿ ಐದು ಜನ ಕೂತು ವಾಟ್ಸಾಪ್‌ನಲ್ಲಿ ಹಾಕಿದ ಮೆಸೇಜ್ ಇದಕ್ಕೆ ಸಾಲಲ್ಲ. ಹಾಗಾಗಿ ಪತ್ರದಲ್ಲಿ ಕೇಳ್ಬೇಕಾಗಿರೋದು ಬೈಲಾದ ಕಲಂ ನಂಬರ್.

ಸುಮಾರು ಕಡೆ "21 ಪರ್ಸೆಂಟ್‌ವರೆಗೆ ಹಾಕಬಹುದು ಅಂತ ರೂಲ್ ಇದೆ" ಅಂತಾರೆ. ಅದು ಮಹಾರಾಷ್ಟ್ರದ ಸಹಕಾರಿ ವಸತಿ ಸಂಘಗಳ ಮಾದರಿ ಬೈಲಾದಿಂದ ಬಂದಿದ್ದು, ಅಲ್ಲೂ ಅದು ಗರಿಷ್ಠ ಮಿತಿ ಆಗಿತ್ತು, ಅದೂ ಸರಳ ಬಡ್ಡಿ. ತುಮಕೂರಿನ ಅಪಾರ್ಟ್‌ಮೆಂಟ್‌ಗೆ ಅದು ರೂಲೇ ಅಲ್ಲ. ಹಾಗೇ ನೋಡಿದ್ರೆ ತಿಂಗಳಿಗೆ ಎರಡು ಅಂದ್ರೆ ವರ್ಷಕ್ಕೆ 24, ಆ ಮಿತಿಯನ್ನೂ ದಾಟಿದೆ.

ಬೈಲಾದಲ್ಲೇ ಇದೆ ಅಂದ್ರೂ ಮಾತು ಅಲ್ಲಿಗೆ ಮುಗಿಯಲ್ಲ. 1872ರ ಕರಾರು ಕಾಯ್ದೆಯ 74ನೇ ಸೆಕ್ಷನ್ ಪ್ರಕಾರ, ತಪ್ಪಿದ ದಿನದಿಂದ ಏರಿಸಿದ ಬಡ್ಡಿ ದಂಡದ ಸ್ವರೂಪದ್ದು ಆಗಿರಬಹುದು, ಆಗ ಕೋರ್ಟ್ ಸಮಂಜಸ ಪರಿಹಾರದಷ್ಟೇ ಕೊಡಿಸುತ್ತೆ. ದಿನಕ್ಕೆ 50 ರೂಪಾಯಿ ಫೈನ್ ಅಂತ ಹಾಕೋ ಬಿಲ್ಡಿಂಗ್‌ಗಳು ಇದನ್ನ ಯೋಚಿಸಬೇಕು, 2,000 ಬಾಕಿಗೆ ತಿಂಗಳಿಗೆ 1,500 ಫೈನ್ ಅಂದ್ರೆ ಯಾವ ಕೋರ್ಟ್ ಅದನ್ನ ಪರಿಹಾರ ಅನ್ನುತ್ತೆ? ಅದೇ ವರ್ಷಕ್ಕೆ 12 ಪರ್ಸೆಂಟ್ ಸರಳ ಬಡ್ಡಿ ಇದ್ರೆ ನಮ್ಮ ಉದಾಹರಣೇಲಿ 420 ಆಗುತ್ತೆ, ಅದರ ವಿರುದ್ಧ ವಾದ ಮಾಡೋಕೆ ಹೋಗೋದು ವ್ಯರ್ಥ.

## ಕಟ್ಟೋದು ನಿಲ್ಲಿಸಿದ್ರೆ ಏನಾಗುತ್ತೆ

ಕೋಪಕ್ಕೆ ಪೂರ್ತಿ ನಿಲ್ಲಿಸಿಬಿಡೋರಿದ್ದಾರೆ. ಅಲ್ಲಿಗೆ ಕಮಿಟಿ ಕೈ ಮೇಲಾಯ್ತು. 1972ರ ಕಾಯ್ದೆಯ 19ನೇ ಸೆಕ್ಷನ್ ಪ್ರಕಾರ ಕಟ್ಟದ ಕಾಮನ್ ಖರ್ಚು ಫ್ಲಾಟ್ ಮೇಲೆಯೇ ಋಣಭಾರ ಆಗುತ್ತೆ, ಸರ್ಕಾರಿ ಮತ್ತು ಪಾಲಿಕೆ ತೆರಿಗೆ, ಮೊದಲ ಅಡಮಾನದ ಸಾಲ ಬಿಟ್ರೆ ಉಳಿದೆಲ್ಲಕ್ಕಿಂತ ಮುಂದೆ. ನಾಳೆ ಮಾರೋವಾಗ ಕೊಳ್ಳೋರೂ ಹಳೇ ಬಾಕಿಗೆ ಹೊಣೆ ಆಗ್ತಾರೆ, ಅದಕ್ಕೇ ಕೊಳ್ಳೋರ ಕಡೆಯಿಂದ ನೋ ಡ್ಯೂಸ್ ಪತ್ರ ಕೇಳೋದು. ಆ ಹೊತ್ತಲ್ಲಿ ಜಗಳ ಆಡೋಕೆ ಟೈಮ್ ಇರಲ್ಲ, ಕಮಿಟಿ ಹೇಳಿದಷ್ಟು ಕಟ್ಟಿ ಹೋಗ್ತಾರೆ.

ಹಾಗಾಗಿ ಜಗಳ ಇಲ್ಲದ ಮೊತ್ತವನ್ನ ಕಟ್ಟಿಬಿಡಿ, ಆದ್ರೆ ಯಾವ ಬಾಬ್ತಿಗೆ ಅಂತ ಬರೆದು ಕಟ್ಟಿ. ಇದು ಚಿಕ್ಕ ವಿಷಯ ಅಲ್ಲ. ನೀವು ಏನೂ ಹೇಳದೇ 2,000 ಹಾಕಿದ್ರೆ ಕಮಿಟಿ ಅದನ್ನ ಮೊದಲು ಬಡ್ಡಿಗೆ ಜಮಾ ಮಾಡಿಕೊಳ್ಳಬಹುದು, ಆಗ ನೀವು ಒಪ್ಪದೇ ಇರೋ ಬಡ್ಡಿ ನಿಮ್ಮ ದುಡ್ಡಿಂದಲೇ ವಸೂಲಾಯ್ತು, ಈ ತಿಂಗಳ ಮೇಂಟೆನೆನ್ಸ್ ಕಮ್ಮಿ ಬಿತ್ತು, ಆ ಕಮ್ಮಿಗೆ ಮತ್ತೆ ಬಡ್ಡಿ. ಬೈಲಾದಲ್ಲಿ ಸರಳ ಬಡ್ಡಿ ಅಂತಿದ್ರೂ ಹಿಂಬಾಗಿಲಿಂದ ಚಕ್ರಬಡ್ಡಿ ಬಂದ ಹಾಗೆ. ಕರಾರು ಕಾಯ್ದೆಯ 59ನೇ ಸೆಕ್ಷನ್ ಪ್ರಕಾರ ಹಲವು ಬಾಕಿ ಇದ್ದಾಗ ಇಂಥದ್ದಕ್ಕೇ ಅಂತ ತಿಳಿಸಿ ಕಟ್ಟಿ, ಅವರು ಆ ದುಡ್ಡು ತಗೊಂಡ್ರೆ ಅದಕ್ಕೇ ಜಮಾ ಮಾಡ್ಬೇಕು. ಯುಪಿಐ ನೋಟ್‌ನಲ್ಲಿ "ಜನವರಿ-ಮಾರ್ಚ್ ಅಸಲು 6,000" ಅಂತ ಹಾಕಿ, ಅದನ್ನೇ ಪತ್ರದಲ್ಲೂ ಬರೆಯಿರಿ.

## ಪತ್ರ ಹೇಗಿರ್ಬೇಕು

ಉದ್ದ ಬೇಡ. ಸೆಕ್ರೆಟರಿ ಪಕ್ಕದ ಮನೆಯೋರೇ ಆಗಿರ್ತಾರೆ, ಸಂಬಳ ಇಲ್ಲದೇ ಮಾಡ್ತಿರ್ತಾರೆ, ಕಳ್ಳರು ಅನ್ನೋ ಧಾಟಿ ಬಂದ್ರೆ ಲೆಕ್ಕದ ಮಾತು ಅಲ್ಲಿಗೇ ನಿಲ್ಲುತ್ತೆ. ಹೀಗೆ ಬರೆದ್ರೆ ಸಾಕು:

"ಮಾನ್ಯ ಕಾರ್ಯದರ್ಶಿಯವರಿಗೆ,

ಸೆಪ್ಟೆಂಬರ್ ತಿಂಗಳ ಬಿಲ್ಲಿನಲ್ಲಿ ನನ್ನ ಫ್ಲಾಟಿನ ಬಾಕಿ ರೂ. 10,678 ಎಂದು ತೋರಿಸಲಾಗಿದೆ. ಇದರಲ್ಲಿ ಜನವರಿಯಿಂದ ಮಾರ್ಚ್‌ವರೆಗಿನ ಮೇಂಟೆನೆನ್ಸ್ ರೂ. 6,000 ಬಾಕಿ ಇರುವುದನ್ನು ಒಪ್ಪಿ, ಅದನ್ನು ಈ ದಿನ ಪಾವತಿಸಿದ್ದೇನೆ. ಈ ಮೊತ್ತವನ್ನು ಆ ಮೂರು ತಿಂಗಳ ಅಸಲಿಗೆ ಮಾತ್ರ ಜಮಾ ಮಾಡಿಕೊಳ್ಳಬೇಕಾಗಿ ಕೋರುತ್ತೇನೆ.

ಏಪ್ರಿಲ್‌ನಿಂದ ಪೂರ್ವಾನ್ವಯವಾಗಿ ಹಾಕಿರುವ ರೂ. 3,600 ಹಾಗೂ ಬಡ್ಡಿಯ ಬಗ್ಗೆ ನನ್ನ ಆಕ್ಷೇಪಣೆ ಇದೆ. ದಯವಿಟ್ಟು ಇವುಗಳ ಪ್ರತಿ ಕೊಡಿ: ಏರಿಕೆಗೆ ಒಪ್ಪಿಗೆ ಕೊಟ್ಟ ಸಭೆಯ ನೋಟಿಸ್ ಮತ್ತು ಹಾಜರಾತಿ ಸಹಿತ ನಡಾವಳಿ, ತಿಂಗಳಿಗೆ ರೂ. 28,800 ಹೆಚ್ಚುವರಿ ಬೇಕಾಗಿರುವುದಕ್ಕೆ ಬಜೆಟ್ ವಿವರ. ಬಡ್ಡಿ ದರ ಹೇಳುವ ಬೈಲಾ ಕಲಂ. ನನ್ನ ಫ್ಲಾಟಿನ ಜನವರಿಯಿಂದ ಈವರೆಗಿನ ಲೆಡ್ಜರ್.

ದಾಖಲೆ ನೋಡಿದ 15 ದಿನದೊಳಗೆ, ನ್ಯಾಯವಾಗಿ ಬರಬೇಕಾದ ಬಡ್ಡಿಯನ್ನು ಪಾವತಿಸುತ್ತೇನೆ. ಅಕ್ಟೋಬರ್‌ನಿಂದ ರೂ. 2,600ನ್ನು ಆಕ್ಷೇಪಣೆಯೊಂದಿಗೆ ಕಟ್ಟುತ್ತೇನೆ."

ಹಾಜರಾತಿ ಯಾಕೆ ಕೇಳೋದು ಅಂದ್ರೆ ಕೋರಂಗೋಸ್ಕರ, ಅಂದ್ರೆ ಸಭೆ ನಡೆಸೋಕೆ ಕನಿಷ್ಠ ಎಷ್ಟು ಜನ ಇರ್ಬೇಕು ಅನ್ನೋದು. 48 ಜನರಲ್ಲಿ ಹನ್ನೊಂದು ಜನ ಬಂದ ಸಭೇಲಿ ತೀರ್ಮಾನ ಆಗಿದ್ರೆ, ನಿಮ್ಮ ಬೈಲಾ ಕೋರಂ ಎಷ್ಟು ಅನ್ನುತ್ತೆ ಅಂತ ನೋಡಿ. ಎಷ್ಟೋ ಸಲ ಕೋರಂ ಇಲ್ಲ ಅಂತ ಅರ್ಧ ಗಂಟೆ ಮುಂದೂಡಿ ಮತ್ತೆ ಸೇರ್ತಾರೆ, ಬೈಲಾ ಅದಕ್ಕೆ ಅವಕಾಶ ಕೊಟ್ಟಿದ್ರೆ ಅದು ಸರಿ, ಕೊಡದಿದ್ರೆ ತೀರ್ಮಾನವೇ ಅಲುಗಾಡುತ್ತೆ. ಸಭೆ ನೋಟಿಸಲ್ಲಿ ಮೇಂಟೆನೆನ್ಸ್ ಏರಿಕೆ ಅನ್ನೋ ವಿಷಯ ಇತ್ತಾ, ಇಲ್ಲಾ "ಅಧ್ಯಕ್ಷರ ಅಪ್ಪಣೆ ಮೇರೆಗೆ ಇತರೆ" ಅನ್ನೋದರಲ್ಲಿ ನುಸುಳಿಸಿದ್ರಾ ಅನ್ನೋದೂ ಮುಖ್ಯ.

ಪತ್ರ ಕೈಯಲ್ಲಿ ಕೊಟ್ಟು ಇನ್ನೊಂದು ಪ್ರತಿ ಮೇಲೆ ತಾರೀಖು, ಸಹಿ, ಸೀಲು ಹಾಕಿಸಿಕೊಳ್ಳಿ. ಹಾಕಲ್ಲ ಅಂದ್ರೆ ಸ್ಪೀಡ್ ಪೋಸ್ಟ್ ಮಾಡಿ ರಸೀದಿ ಇಟ್ಕೊಳಿ. ಗ್ರೂಪಲ್ಲಿ ಫೋಟೋ ಹಾಕೋದು ಬೇಡ, ಅಲ್ಲಿ ಹಾಕಿದ ಕೂಡ್ಲೇ ಅದು ಲೆಕ್ಕದ ವಿಷಯ ಆಗಿ ಉಳಿಯಲ್ಲ.

## ಉತ್ತರ ಬರದಿದ್ರೆ

ಎಷ್ಟು ಜನ ಸಹಿ ಹಾಕಿದ್ರೆ ವಿಶೇಷ ಸಾಮಾನ್ಯ ಸಭೆ ಕರೀಬೇಕು ಅನ್ನೋದು ಬೈಲಾದಲ್ಲಿ ಇರುತ್ತೆ, ಮೊದಲು ಆ ದಾರಿ. ಹಿಂದಿನ ತಾರೀಖಿನ ಏರಿಕೆ 48 ಮನೆಗೂ ಬಿದ್ದಿರೋದ್ರಿಂದ ಸಹಿ ಸಿಗೋದು ಕಷ್ಟ ಆಗಲ್ಲ, ಬಡ್ಡಿ ವಿಷಯಕ್ಕಾದ್ರೆ ಬಾಕಿ ಇರೋರು ಮಾತ್ರ ಬರ್ತಾರೆ. ಸಭೆಗೆ ಎರಡನ್ನೂ ಬೇರೆ ಬೇರೆ ವಿಷಯವಾಗಿ ಇಡಿ, ಇಲ್ಲಾಂದ್ರೆ "ಕಟ್ಟದೇ ಇರೋರೆಲ್ಲ ಸೇರ್ಕೊಂಡಿದ್ದಾರೆ" ಅಂತ ತಳ್ಳಿಹಾಕೋದು ಸುಲಭ.

ಅಲ್ಲೂ ಆಗದಿದ್ರೆ, ಸಹಕಾರ ಸಂಘ ಆಗಿದ್ರೆ 1959ರ ಕಾಯ್ದೆಯ 70ನೇ ಸೆಕ್ಷನ್ ಅಡಿ ಸಹಕಾರ ಇಲಾಖೆ ಮುಂದೆ ವಿವಾದ ಹಾಕಬಹುದು. 1972ರ ಕಾಯ್ದೆಯ ಸಂಘ ಆಗಿದ್ರೆ ಸಾಮಾನ್ಯವಾಗಿ ಸಿವಿಲ್ ಕೋರ್ಟ್, ಅಲ್ಲಿ ವಕೀಲರ ಫೀಸೇ ಈ 3,838ಕ್ಕಿಂತ ಜಾಸ್ತಿ ಆಗುತ್ತೆ. ಕಮಿಟಿಗೂ ಅದೇ ಲೆಕ್ಕ, 4,000 ವಸೂಲಿಗೆ ಅವರೂ ದಾವೆ ಹಾಕೋಕೆ ಹೋಗಲ್ಲ. ಇಬ್ಬರಿಗೂ ಕೋರ್ಟ್ ದುಬಾರಿ ಆಗಿರೋದ್ರಿಂದ ಇಂಥ ಜಗಳ ಹೆಚ್ಚಾಗಿ ಮುಗಿಯೋದು ಸಭೆಯ ಟೇಬಲ್ ಮೇಲೇ, ಹೊಸ ರೇಟು ಮುಂದಿನ ತಿಂಗಳಿಂದ, ಬಡ್ಡಿ ನಿಜವಾದ ಬಾಕಿ ಮೇಲೆ ಮಾತ್ರ ಅನ್ನೋ ಕಡೆ ಬಂದು ನಿಲ್ಲುತ್ತೆ. ಆ ಟೇಬಲ್‌ಗೆ ಲೆಡ್ಜರ್ ಪ್ರತಿ ಹಿಡ್ಕೊಂಡು ಹೋಗಿ.